ಫ್ಯಾನಿನ ಕರೆಂಟ್ ಎಲ್ಲಿಗೆ ಹೋಗುತ್ತದೆ?

ಖಾಲಿ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿದ್ದರೆ ನಮ್ಮತ್ತೆಗೆ ತಡೆಯಲಾಗುವುದಿಲ್ಲ. ‘ಯಾರಿಗಮ್ಮಾ ಬೀಸ್ತಾ ಇದೆ ಇದು?’ ಎಂದು ಕೇಳಿಕೊಂಡೇ ಸ್ವಿಚ್ ಆರಿಸುತ್ತಾರೆ. ಅವರ ಚಿಂತೆ ಬಿಲ್ಲಿನದು. ನನಗೆ ಕಾಡುವುದು ಇನ್ನೊಂದು. 75 ವ್ಯಾಟ್ ಎಳೆಯುವ ಹಳೇ ಫ್ಯಾನು ಮೂರು ಗಂಟೆ ತಿರುಗಿದರೂ ಕೋಣೆಯ ಗಾಳಿ ಮೊದಲೈದು ನಿಮಿಷದಲ್ಲಿ ಇದ್ದಷ್ಟೇ ಜೋರಾಗಿರುತ್ತದೆ. ಶಕ್ತಿ ಒಳಗೆ ಬರುತ್ತಲೇ ಇದೆ, ವೇಗ ಮಾತ್ರ ಏರುತ್ತಿಲ್ಲ. ಹಾಗಾದರೆ ಬಂದದ್ದೆಲ್ಲ ಎಲ್ಲಿ ಹೋಗುತ್ತಿದೆ?

ಬಿಸಿಯಾಗುತ್ತಿದೆ. ಸುಮ್ನೆ ಹೇಳುತ್ತಿಲ್ಲ. ಬಾಗಿಲು ಕಿಟಕಿ ಮುಚ್ಚಿದ ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ ಹೆಚ್ಚುಕಡಿಮೆ 40 ಕೆಜಿ ಗಾಳಿ ಇರುತ್ತದೆ. ಗೋಡೆಗಳು ಒಂದಿಷ್ಟೂ ಬಿಸಿ ಹೀರದಿದ್ದರೆ, 75 ವ್ಯಾಟ್ ಆ ಗಾಳಿಯನ್ನು ಒಂಬತ್ತು ನಿಮಿಷಕ್ಕೊಮ್ಮೆ ಒಂದು ಡಿಗ್ರಿ ಏರಿಸುತ್ತಿತ್ತು. ಗೋಡೆ, ನೆಲ, ಮಂಚ ಎಲ್ಲ ಹೀರಿಕೊಳ್ಳುವುದರಿಂದ ನಮಗೆ ಗೊತ್ತಾಗುವುದಿಲ್ಲ. ಫ್ಯಾನ್ ತಂಪು ಮಾಡುವುದು ಬೆವರಿದ ಮೈಯನ್ನು, ಕೋಣೆಯನ್ನಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ಅದು ಬರೀ ಹೀಟರ್. ಅತ್ತೆ ಹೇಳುವುದು ಸರಿಯೇ.

ಆದರೆ ಬೀಸುವ ಗಾಳಿ ನೆಟ್ಟಗೆ ಬಿಸಿಯಾಗಿಬಿಡುವುದಿಲ್ಲ. ನಡುವೆ ಒಂದು ದಾರಿ ಇದೆ. ಅದನ್ನು ನೋಡಬೇಕೆಂದರೆ ಊದುಬತ್ತಿ ಸಾಕು. ಫ್ಯಾನ್ ಆಫ್ ಇದ್ದಾಗ ಹೊಗೆ ಒಂದು ಗೇಣಿನಷ್ಟು ನೂಲಿನಂತೆ ನೆಟ್ಟಗೆ ಏರಿ, ಆಮೇಲೆ ತಾನಾಗಿ ಸುರುಳಿ ಬಿಚ್ಚುತ್ತದೆ. ರೆಗ್ಯುಲೇಟರನ್ನು ಒಂದಕ್ಕೆ ತಿರುಗಿಸಿ. ನೂಲು ತುಂಡಾಗುತ್ತದೆ. ಹೊಗೆ ಮೊದಲು ಅಂಗೈಯಗಲದ ಮಡಿಕೆಯಾಗುತ್ತದೆ, ಆ ಮಡಿಕೆಯ ಅಂಚಿನಲ್ಲಿ ಬೆರಳಗಲದ ಸುಳಿ, ಅದರ ಅಂಚಿನಲ್ಲಿ ಇನ್ನೂ ಚಿಕ್ಕದು. ಅಷ್ಟರಲ್ಲಿ ಕಣ್ಣಿಗೆ ಸಿಗದಷ್ಟು ಚದುರಿಹೋಗಿರುತ್ತದೆ. ಐದಕ್ಕೆ ತಿರುಗಿಸಿದರೆ ಇದೆಲ್ಲ ಎಷ್ಟು ಬೇಗ ನಡೆಯುತ್ತದೆಂದರೆ ಹೊಗೆಯೇ ಕಾಣುವುದಿಲ್ಲ.

ಫ್ಯಾನಿನ ಕೆಳಗೆ ಕೂತರೆ ಗಾಳಿ ಒಂದೇ ಸಮ ಬರುವುದಿಲ್ಲ ಅಲ್ವಾ? ಒಮ್ಮೆ ಬಡಿಯುತ್ತದೆ, ಒಮ್ಮೆ ಸಡಿಲಾಗುತ್ತದೆ. ಸರಾಸರಿ ವೇಗ ಸೆಕೆಂಡಿಗೆ 2 ಮೀಟರ್ ಎಂದಿಟ್ಟುಕೊಳ್ಳಿ. ಅದರ ಸುತ್ತ ಏರಿಳಿತ ಸುಮಾರು 0.6 ಮೀಟರ್. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಶೇಕಡಾ 30. ಟರ್ಬ್ಯುಲೆನ್ಸ್ ಇಂಟೆನ್ಸಿಟಿ ಅಂದರೆ ಇಷ್ಟೇ. ಈ ಶೇಕಡಾ ಲೆಕ್ಕ ಒಂದು ಕಡೆ ಮೋಸ ಮಾಡುತ್ತದೆ. ಬೀರುವಿನ ಪಕ್ಕದ ಮೂಲೆಯಲ್ಲಿ ಏರಿಳಿತ 0.1 ಮೀಟರಿಗೆ ಇಳಿದಿರುತ್ತದೆ, ಆದರೆ ಸರಾಸರಿ ವೇಗ ಅದಕ್ಕಿಂತಲೂ ಕಡಿಮೆ, 0.08 ಇರಬಹುದು. ಭಾಗಿಸಿದರೆ ಶೇಕಡಾ 125! ಮೂಲೆಯಲ್ಲೇನೂ ಬಿರುಗಾಳಿ ಎದ್ದಿಲ್ಲ, ಛೇದ ಚಿಕ್ಕದಾಗಿದೆ ಅಷ್ಟೇ. ಆದ್ದರಿಂದ ಇಂಟೆನ್ಸಿಟಿ ಓದುವಾಗ ಸರಾಸರಿ ವೇಗವನ್ನೂ ಕೇಳಿಕೊಳ್ಳಬೇಕು.

ದೊಡ್ಡ ಸುಳಿ ಒಡೆದು ಚಿಕ್ಕವಾಗುವುದು, ಅವು ಒಡೆದು ಇನ್ನೂ ಚಿಕ್ಕವಾಗುವುದು. ಈ ಇಳಿಜಾರನ್ನು ಇಂಗ್ಲೆಂಡಿನ ಹವಾಮಾನ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ 1922ರಲ್ಲಿ ಒಂದು ತಮಾಷೆಯ ಪದ್ಯದಲ್ಲೇ ಹೇಳಿಬಿಟ್ಟ. ಒಡೆಯುವಾಗ ಶಕ್ತಿ ಬಹುಪಾಲು ನಷ್ಟವಾಗುವುದಿಲ್ಲ, ಕೈ ಬದಲಾಯಿಸುತ್ತದೆ. ಗಾಳಿಗೂ ಸ್ನಿಗ್ಧತೆ ಇದೆ, ಅಂದರೆ ಪದರಕ್ಕೆ ಪದರ ಉಜ್ಜುವ ಗುಣ. ಮೊಳದಗಲದ ಸುಳಿಗೆ ಆ ಉಜ್ಜಾಟ ಲೆಕ್ಕಕ್ಕೇ ಇಲ್ಲ. ಸುಳಿ ಕಿರಿದಾದಷ್ಟೂ ಅಕ್ಕಪಕ್ಕದ ಪದರಗಳ ವೇಗದ ವ್ಯತ್ಯಾಸ ಕಡಿದಾಗುತ್ತದೆ, ಉಜ್ಜಾಟ ಜಾಸ್ತಿಯಾಗುತ್ತದೆ. ಒಂದು ಅಳತೆಗೆ ಬಂದಾಗ ಸುಳಿ ಇನ್ನು ಒಡೆಯಲಾರದು, ಅಲ್ಲೇ ಕರಗಿ ಬಿಸಿಯಾಗುತ್ತದೆ. η ಎಂದು ಬರೆಯುವ ಆ ಅಳತೆ ಎಷ್ಟೆಂದು ರಷ್ಯಾದ ಆಂದ್ರೇ ಕೊಲ್ಮೊಗೊರೊವ್ 1941ರಲ್ಲಿ ಹೇಳಿದ. ಅವನ ಪ್ರಕಾರ ಅದನ್ನು ತಿಳಿಯಲು ಎರಡೇ ಸಂಗತಿ ಸಾಕು. ಒಂದು, ಪ್ರತಿ ಕೆಜಿ ಗಾಳಿಯಲ್ಲಿ ಎಷ್ಟು ವ್ಯಾಟ್ ಬಿಸಿಯಾಗುತ್ತಿದೆ (ε). ಇನ್ನೊಂದು, ಸ್ನಿಗ್ಧತೆಯನ್ನು ಸಾಂದ್ರತೆಯಿಂದ ಭಾಗಿಸಿದಾಗ ಬರುವ ν.

η = (ν³/ε)^(1/4)

ನಮ್ಮ ಕೋಣೆಗೆ ಹಾಕಿ ನೋಡೋಣ. ಹಳೇ ಫ್ಯಾನಿನ 75 ವ್ಯಾಟಿನಲ್ಲಿ ಬಹುಪಾಲು ಮೋಟಾರಿನ ಸುರುಳಿಯಲ್ಲೇ ಬಿಸಿಯಾಗಿ ಹೋಗುತ್ತದೆ. ರೆಕ್ಕೆಗಳು ಗಾಳಿಗೆ ಕೊಡುವುದು 25 ವ್ಯಾಟ್ ಅನ್ನೋಣ. ಅದನ್ನು 40 ಕೆಜಿಗೆ ಹಂಚಿದರೆ ε ಸುಮಾರು 0.6. ಬೇಸಿಗೆಯ ಗಾಳಿಗೆ ν ಸೆಕೆಂಡಿಗೆ 0.000016 ಚದರ ಮೀಟರ್. ಲೆಕ್ಕ ಮಾಡಿದರೆ η 0.3 ಮಿಲಿಮೀಟರಿನ ಹತ್ತಿರ ಬರುತ್ತದೆ, ಚಿರೋಟಿ ರವೆಯ ಒಂದು ಕಾಳಿನಷ್ಟು. ಇದು ಗೆರೆ ಎಳೆದ ಹಾಗೆ ನಿಖರವಲ್ಲ. ಇದರ ಹತ್ತಾರು ಪಟ್ಟು ದೊಡ್ಡ ಸುಳಿಗಳಿಂದಲೇ ಕರಗುವ ಕೆಲಸ ಶುರುವಾಗಿರುತ್ತದೆ. ಅಷ್ಟರ ಕೆಳಗೆ ಹುಡುಕಿದರೆ ಸುಳಿಯೇ ಸಿಗದು ಎಂದು ತಿಳಿದರೆ ಸಾಕು.

25 ವ್ಯಾಟ್ ಎಂಬ ನನ್ನ ಅಂದಾಜು ತಪ್ಪಿದ್ದರೆ? ಪೂರಾ 75 ಹಾಕಿದರೂ ಉತ್ತರ 0.22 ಮಿಲಿಮೀಟರ್. ಶಕ್ತಿ ಮೂರು ಪಟ್ಟು ಏರಿದರೆ ಸುಳಿ ಕಾಲು ಭಾಗದಷ್ಟು ಮಾತ್ರ ಕುಗ್ಗಿತು. ನಾಲ್ಕನೆಯ ಮೂಲ ತೆಗೆಯುವುದರಿಂದ ಸೂತ್ರ ಒರಟು ಅಂದಾಜನ್ನೂ ಕ್ಷಮಿಸುತ್ತದೆ. ಇಷ್ಟು ಉದಾರ ಸೂತ್ರ ನಾನು ಇನ್ನೊಂದು ನೋಡಿಲ್ಲ.

ಇಲ್ಲೊಂದು ವಿಚಿತ್ರವಿದೆ. ಬಿಸಿಯಾಗಿಸುವುದು ಸ್ನಿಗ್ಧತೆ, ಆದರೆ ಎಷ್ಟು ಬಿಸಿಯಾಗಬೇಕು ಎನ್ನುವುದರಲ್ಲಿ ಅದರ ಮಾತು ನಡೆಯುವುದಿಲ್ಲ. ಅದನ್ನು ತೀರ್ಮಾನಿಸುವುದು ದೊಡ್ಡ ಸುಳಿಗಳು. ಏರಿಳಿತದ ಘನವನ್ನು ದೊಡ್ಡ ಸುಳಿಯ ಅಗಲದಿಂದ ಭಾಗಿಸಿದರೆ ε ಹತ್ತಿರಹತ್ತಿರ ಬಂದುಬಿಡುತ್ತದೆ, ಸ್ನಿಗ್ಧತೆಯ ಹೆಸರೇ ಬೇಡ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಓದಿದ ಕೆ.ಆರ್. ಶ್ರೀನಿವಾಸನ್ 1984ರಲ್ಲಿ ಜಾಲರಿಯ ಹಿಂದಿನ ಗಾಳಿಯ ಮೇಲೆ ನಡೆದ ಪ್ರಯೋಗಗಳ ಅಂಕಿಗಳನ್ನು ಒಟ್ಟಿಗಿಟ್ಟು, ಹರಿವು ಸಾಕಷ್ಟು ಪ್ರಕ್ಷುಬ್ಧವಾದ ಮೇಲೆ εಗೂ ಈ ಭಾಗಲಬ್ಧಕ್ಕೂ ಇರುವ ಅನುಪಾತ ಹೆಚ್ಚುಕಡಿಮೆ ಬದಲಾಗುವುದಿಲ್ಲ ಎಂದು ತೋರಿಸಿದರು. ಸ್ನಿಗ್ಧತೆ ಕಡಿಮೆಯಾದರೆ ಬಿಸಿ ಕಡಿಮೆಯಾಗುವುದಿಲ್ಲ. ಸುಳಿಗಳು ಇನ್ನೂ ಸಣ್ಣದಕ್ಕೆ ಒಡೆದು ಅಷ್ಟನ್ನೇ ಕರಗಿಸುತ್ತವೆ.

ಕುರ್ಚಿಯ ಹತ್ತಿರದ 0.6ರ ಘನ 0.216. ಸುಳಿಯ ಅಗಲ ಮೂವತ್ತು ಸೆಂಟಿಮೀಟರ್ ಎಂದರೆ ε 0.7. ನಾವು ವ್ಯಾಟಿನಿಂದ ಹಿಡಿದದ್ದು 0.6! ಹಿಗ್ಗುವ ಮುಂಚೆ ಮೂಲೆಯನ್ನೂ ನೋಡಿ. ಅಲ್ಲಿ ಅದೇ ಲೆಕ್ಕ 0.003 ಕೊಡುತ್ತದೆ, ಕೊನೆಯ ಸುಳಿ ಒಂದು ಮಿಲಿಮೀಟರಿಗೆ ಹಿಗ್ಗುತ್ತದೆ. ರೆಕ್ಕೆಯ ತುದಿಯ ಬೆನ್ನಲ್ಲೇ ಇದಕ್ಕೆ ತಿರುಗಾಮುರುಗಾ, ε ಬಹಳ ಜಾಸ್ತಿ, ಸುಳಿ ಬಹಳ ಸಣ್ಣದು. ಇಡೀ ಕೋಣೆಗೆ ಒಂದೇ ಸಂಖ್ಯೆ ಎನ್ನುವುದು ಸರಾಸರಿಯ ಮಾತು. ಕುರ್ಚಿಯ ಲೆಕ್ಕ ಅಷ್ಟು ಚೆನ್ನಾಗಿ ಹೊಂದಿದ್ದರಲ್ಲಿ ಅದೃಷ್ಟದ ಪಾಲೂ ಇದೆ.

ಅಳೆದು ನೋಡಲು ಹೊರಟರೆ ಉಪಕರಣವೇ ತೊಡಕು. ಅಂಗಡಿಯಲ್ಲಿ ಸಿಗುವ ಪಂಕದ ಅನಿಮೋಮೀಟರ್ ಸರಾಸರಿ ಹೇಳುತ್ತದೆ, ಅಷ್ಟೇ. ಅದರ ಚಕ್ರ ತಿರುಗುವಷ್ಟರಲ್ಲಿ ಏರಿಳಿತ ಬಂದು ಹೋಗಿರುತ್ತದೆ, ಇಂಟೆನ್ಸಿಟಿ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಪ್ರಯೋಗಾಲಯದವರು ಬಿಸಿತಂತಿ ಬಳಸುತ್ತಾರೆ. ಕೆಲವೇ ಮೈಕ್ರಾನ್ ದಪ್ಪದ ತಂತಿ, ಉದ್ದ ಒಂದು ಮಿಲಿಮೀಟರ್ ಆಸುಪಾಸು. ಗಾಳಿ ತಂಪು ಮಾಡಿದಷ್ಟರ ಮೇಲೆ ವೇಗದ ಲೆಕ್ಕ. ತಂತಿ ಚುರುಕಾಗಿದೆ ನಿಜ, ಆದರೆ ಅದರ ಉದ್ದ ನಮ್ಮ ಕೊನೆಯ ಸುಳಿಯ ಮೂರು ಪಟ್ಟು. ಒಂದು ತಂತಿಯ ಮೇಲೆ ಹಲವು ಸುಳಿ ಒಟ್ಟಿಗೆ ಕೂತು ಒಂದರ ಮಾತನ್ನು ಇನ್ನೊಂದು ಮುಚ್ಚಿಹಾಕುತ್ತವೆ. ಆಗ ε ಇರುವುದಕ್ಕಿಂತ ಕಡಿಮೆ ಬರುತ್ತದೆ, η ದೊಡ್ಡದಾಗಿ ಕಾಣುತ್ತದೆ.

ಮೊನ್ನೆ ಹೊಸ ಬಿಎಲ್‌ಡಿಸಿ ಫ್ಯಾನ್ ತರುವ ಮಾತು ಬಂತು. ಎಳೆಯುವುದು 30 ವ್ಯಾಟಿನಷ್ಟೇ. ‘ಅರ್ಧ ಕರೆಂಟೂ ಇಲ್ಲ, ಅಂದ್ರೆ ಗಾಳೀನೂ ಅರ್ಧ ತಾನೇ?’ ಎಂದರು ಅತ್ತೆ. ‘ಇಲ್ಲ ಅತ್ತೆ, ಉಳಿದದ್ದು ಮೋಟಾರಿನ ಬಿಸಿ’ ಎಂದೆ. ರೆಕ್ಕೆ ಗಾಳಿಗೆ ಕೊಡುವ 25 ವ್ಯಾಟ್ ಹಾಗೇ ಇರುತ್ತದೆ. ಅದೇ ಏರಿಳಿತ, ಅದೇ ε, ಕೊನೆಯ ಸುಳಿಯೂ ಅದೇ 0.3 ಮಿಲಿಮೀಟರ್. ಅತ್ತೆ ಎಲ್ಲ ಕೇಳಿಸಿಕೊಂಡು, ‘ಸರಿ, ತಂದ್ಮೇಲೂ ಹೊರಗೆ ಹೋಗೋವಾಗ ಆರಿಸಿ ಹೋಗು’ ಎಂದರು.