ಜೂನ್ 1ರ ಮಹಾತ್ಮೆ

ಹಣೆಬರಹವನ್ನು ಬರೆಯುವವನು ಬ್ರಹ್ಮನೆಂದು ಜನ ನಂಬಿದ್ದ ಕಾಲದಲ್ಲಿ, ನಮ್ಮೂರಿನ ಶಾಲೆಯ ಹೆಡ್‌ಮಾಸ್ತರರು ಆ ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸುತ್ತಿದ್ದರು. ನಮ್ಮ ತಂದೆಯವರನ್ನು ಶಾಲೆಗೆ ಸೇರಿಸಲು ಹೋದ ಅಜ್ಜಿ, "ಗೌರಿ ಹಬ್ಬಕ್ಕೆ ಎಂಟು ದಿನ ಇದ್ದಾಗ ಹುಟ್ಟಿದ ಸ್ವಾಮಿ, ಕೆರೆ ಕೋಡಿ ಬಿದ್ದಿತ್ತಲ್ಲ, ಆ ವರ್ಷ" ಎಂದು ನಿಖರವಾಗಿಯೇ ಹೇಳಿದ್ದರಂತೆ. ಮಾಸ್ತರರು ಹುಡುಗನಿಗೆ ಬಲಗೈಯನ್ನು ನೆತ್ತಿಯ ಮೇಲಿಂದ ಹಾಕಿ ಎಡಗಿವಿ ಮುಟ್ಟಲು ಹೇಳಿದರು. ಕಿವಿ ಬೆರಳಿಗೆ ಸಿಕ್ಕಿತು. ದಾಖಲಾತಿ ಪುಸ್ತಕದಲ್ಲಿ ಜನ್ಮದಿನಾಂಕ ಜೂನ್ 1 ಎಂದಾಯಿತು. ಕರ್ನಾಟಕದ ಒಂದಿಡೀ ತಲೆಮಾರು ಹೀಗೆ ಶಾಲೆ ತೆರೆಯುವ ಹೊತ್ತಿಗೆ ಸರಿಯಾಗಿ ಸಾಮೂಹಿಕವಾಗಿ ಜನಿಸಿದೆ. ನಾವು ಅದನ್ನು ನೆನೆದು ನಗುತ್ತೇವೆ. ಈಗ ನಮ್ಮಲ್ಲಿ ಜನನ ಪ್ರಮಾಣಪತ್ರವಿದೆ, ಆಸ್ಪತ್ರೆಯ ದಾಖಲೆಯಲ್ಲಿ ಗಂಟೆ ನಿಮಿಷದ ಲೆಕ್ಕವೂ ಬೇಕಾದರೆ ಸಿಗುತ್ತದೆ, ಆದರೂ ಹಣೆಬರಹ ಬರೆಯುವ ಅಧಿಕಾರವನ್ನು ಜೂನ್ 1 ಬಿಟ್ಟುಕೊಟ್ಟಿಲ್ಲ.

ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ಸರ್ಕಾರ 2022ರಲ್ಲಿ ಆದೇಶಿಸಿತು; ಪೋಷಕರ ಗಲಾಟೆಯ ನಂತರ ಜಾರಿಯನ್ನು ಮುಂದೂಡಿತು; ಮುಂದೂಡಿದ ವರ್ಷ ಬಂದಾಗ, ಅಂದರೆ 2025ರ ಏಪ್ರಿಲ್‌ನಲ್ಲಿ, ಯುಕೆಜಿ ಮುಗಿಸಿದ ಮಕ್ಕಳಿಗೆ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಾಗಿದ್ದರೆ ಸಾಕೆಂದು ಕೃಪೆ ತೋರಿತು. ಈ ಲೆಕ್ಕದಲ್ಲಿ 2020ರ ಜನವರಿ 1ರ ರಾತ್ರಿ ಹುಟ್ಟಿದ ಮಗು ತನ್ನ ತರಗತಿಗೇ ಕಿರಿಯದಾಗಿ ಒಳಗೆ ಹೋಯಿತು. ಅದೇ ಹೆರಿಗೆ ವಾರ್ಡಿನಲ್ಲಿ ಕೆಲವೇ ಗಂಟೆ ತಡವಾಗಿ, ದಿನಾಂಕ ಬದಲಾದ ಮೇಲೆ ಹುಟ್ಟಿದ ಮಗು ಒಂದು ವರ್ಷ ಹೊರಗೆ ನಿಂತು, ಮುಂದಿನ ತರಗತಿಯ ಹಿರಿಯರ ಸಾಲಿಗೆ ಸೇರಬೇಕಾಯಿತು. ಜ್ಯೋತಿಷಿಗಳು ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ದೊಡ್ಡ ಫಲ ಹೇಳಲು ಹಿಂಜರಿಯುತ್ತಾರೆ.

ಆ ಒಂದು ವರ್ಷ ದೊಡ್ಡವರಿಗೆ ಏನೂ ಅಲ್ಲ. ನಲವತ್ತು ವರ್ಷದ ಗುಮಾಸ್ತನಿಗಿಂತ ನಲವತ್ತೊಂದರ ಗುಮಾಸ್ತ ಚುರುಕೆಂದು ಯಾರೂ ಹೇಳುವುದಿಲ್ಲ. ಆರು ವರ್ಷದ ಮಗುವಿಗಾದರೋ ಅದು ಬದುಕಿದ ಆಯುಷ್ಯದ ಆರನೇ ಒಂದು ಭಾಗ. ಅಷ್ಟರಲ್ಲಿ ಅದು ಬೆರಳುಗಳಲ್ಲಿ ಪೆನ್ಸಿಲು ಹಿಡಿಯುವುದನ್ನು, ಅರ್ಧ ಗಂಟೆ ಒಂದೆಡೆ ಕೂರುವುದನ್ನು, ಚೆಂಡು ಎಲ್ಲಿ ಬೀಳುತ್ತದೆಂದು ಊಹಿಸುವುದನ್ನು ಕಲಿತಿರುತ್ತದೆ. ತರಗತಿಯಲ್ಲಿ ಇದಕ್ಕೆ "ಬುದ್ಧಿವಂತ" ಎಂದೂ, ಇದಿಲ್ಲದ ಕಿರಿಯ ಮಗುವಿಗೆ "ಸ್ವಲ್ಪ ಮಂದ, ಮನೆಯಲ್ಲಿ ಗಮನ ಕೊಡಿ" ಎಂದೂ ಹೆಸರು. ಬೆಡಾರ್ಡ್ ಮತ್ತು ಡುಯಿ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲಿ ಹಲವು ಶ್ರೀಮಂತ ದೇಶಗಳ ಗಣಿತ, ವಿಜ್ಞಾನ ಪರೀಕ್ಷೆಗಳ ಅಂಕಗಳನ್ನು ಹುಟ್ಟಿದ ತಿಂಗಳಿನ ಪಕ್ಕ ಇಟ್ಟು ನೋಡಿದರು. ನೂರು ಮಕ್ಕಳನ್ನು ಅಂಕದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಾಲ್ಕನೇ ತರಗತಿಯ ಅತಿ ಕಿರಿಯರು ಅತಿ ಹಿರಿಯರಿಗಿಂತ 4ರಿಂದ 12 ಸ್ಥಾನ ಹಿಂದಿದ್ದರು. ಎಂಟನೇ ತರಗತಿಗೆ ಬಂದಾಗಲೂ 2ರಿಂದ 9 ಸ್ಥಾನ ಉಳಿದಿತ್ತು. ಅಂದರೆ ಅಂತರ ಕರಗುತ್ತದೆ, ಆದರೆ ಅಂಕಪಟ್ಟಿಗಳು ಕೈಗೆ ಬರುವಷ್ಟು ವೇಗವಾಗಿ ಅಲ್ಲ.

ಆಟದ ಮೈದಾನದಲ್ಲಿ ಇದು ಇನ್ನೂ ನಿರ್ಲಜ್ಜವಾಗಿ ನಡೆಯುತ್ತದೆ. 1980ರ ದಶಕದ ಆರಂಭದಲ್ಲಿ ಕೆನಡಾದ ಲೆತ್‌ಬ್ರಿಜ್ ಊರಿನಲ್ಲಿ ಐಸ್ ಹಾಕಿ ಪಂದ್ಯ ನೋಡಲು ಹೋಗಿದ್ದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್‌ಸ್ಲಿಯವರ ಪತ್ನಿ ಪೌಲಾ, ಪಂದ್ಯದ ಕಿರುಹೊತ್ತಿಗೆಯಲ್ಲಿ ಆಟಗಾರರ ಜನ್ಮದಿನಾಂಕಗಳನ್ನು ಓದುತ್ತಾ, ಜನವರಿ, ಫೆಬ್ರವರಿ, ಮಾರ್ಚ್ ಎಂದು ಅವೇ ತಿಂಗಳು ಮರುಕಳಿಸುತ್ತಿರುವುದನ್ನು ಗಮನಿಸಿದರು. ಅಲ್ಲಿ ಮಕ್ಕಳ ಹಾಕಿಗೆ ವಯಸ್ಸು ಎಣಿಸುವ ದಿನ ಜನವರಿ 1. ಎಂಟು ಒಂಬತ್ತರ ಪ್ರಾಯದಲ್ಲಿ ತಂಡ ಆರಿಸುವಾಗ ಜನವರಿಯ ಹುಡುಗ ಡಿಸೆಂಬರಿನವನಿಗಿಂತ ಎತ್ತರ, ಆದ್ದರಿಂದ "ಪ್ರತಿಭಾವಂತ". ಪ್ರತಿಭಾವಂತನಿಗೆ ಒಳ್ಳೆಯ ಕೋಚ್, ಹೆಚ್ಚು ಪಂದ್ಯ, ಹೆಚ್ಚು ಅಭ್ಯಾಸ. ಐದು ವರ್ಷವಾದ ಮೇಲೆ ಅವನು ನಿಜಕ್ಕೂ ಉತ್ತಮ ಆಟಗಾರ. ಆಗ ಆಯ್ಕೆದಾರರು ಮೀಸೆ ತಿರುವುತ್ತಾ "ನಾನು ಅಂದೇ ಹೇಳಿರಲಿಲ್ಲವೇ?" ಎನ್ನುತ್ತಾರೆ. ಬಿತ್ತಿದವನೂ ಅವರೇ, ನೀರೆರೆದವನೂ ಅವರೇ, ಬೆಳೆಯನ್ನು ಭವಿಷ್ಯ ನುಡಿದ ಪುಣ್ಯವೂ ಅವರದೇ.

ನಮ್ಮಲ್ಲಿ ಇನ್ನೊಂದು ಸೊಗಸಿದೆ. ಶಾಲೆಯ ಗಡಿ ಜೂನ್ 1, ಕ್ರಿಕೆಟ್ ಮಂಡಳಿಯ ವಯೋಮಿತಿಯ ಗಡಿ ಸೆಪ್ಟೆಂಬರ್ 1. ನಮ್ಮ ಬೀದಿಯಲ್ಲಿ ಇಬ್ಬರು ಹುಡುಗರಿದ್ದಾರೆಂದು ಇಟ್ಟುಕೊಳ್ಳೋಣ, ಒಬ್ಬ 2018ರ ಆಗಸ್ಟ್ 30ರಂದು, ಇನ್ನೊಬ್ಬ ಸೆಪ್ಟೆಂಬರ್ 2ರಂದು ಹುಟ್ಟಿದವರು. ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚು, ಇಬ್ಬರೂ ತರಗತಿಯ ಹಿರಿಯರ ಪಂಗಡ. ಇದೇ ನಿಯಮ ಮುಂದುವರಿದರೆ 2032ರ ಋತುವಿನಲ್ಲಿ ಸೆಪ್ಟೆಂಬರಿನವನು 14 ವರ್ಷದೊಳಗಿನವರ ತಂಡಕ್ಕೆ ಅರ್ಹ, ಅಲ್ಲಿನ ಅತಿ ಹಿರಿಯ, ಬೌನ್ಸರ್ ಎಸೆಯುವ ಭೀಮ. ಮೂರು ದಿನ ಮುಂಚೆ ಹುಟ್ಟಿದ ಅಪರಾಧಕ್ಕೆ ಆಗಸ್ಟಿನವನು 16 ವರ್ಷದೊಳಗಿನವರ ಗುಂಪಿಗೆ ಹೋಗಿ, ತನಗಿಂತ ಹತ್ತಿರ ಹತ್ತಿರ ಎರಡು ವರ್ಷ ದೊಡ್ಡವರ ಎದುರು ಹೆಲ್ಮೆಟ್ಟು ಸರಿಮಾಡಿಕೊಳ್ಳಬೇಕು. ಬೆಳಿಗ್ಗೆ ತರಗತಿಯಲ್ಲಿ ಅಣ್ಣ, ಸಂಜೆ ಮೈದಾನದಲ್ಲಿ ಪಾಪು.

ಇದನ್ನು ಬಲ್ಲ ತಂದೆಯೊಬ್ಬರು ನನಗೆ ಪರಿಚಿತರು. ಮಗನ ಒಂದನೇ ತರಗತಿಯ ಹೊತ್ತಿಗೆ ಶಾಲೆಯ ಕೌಂಟರಿನ ಮುಂದೆ ನಿಂತು, "ಸರ್, ಬರೀ ಹದಿನೈದು ದಿನ ಕಡಿಮೆ, ಒಂದು ವರ್ಷ ದಂಡವಾಗುತ್ತದೆ, ಸ್ವಲ್ಪ ದೊಡ್ಡವನೆಂದು ನೋಡಿ" ಎಂದು ಬೇಡಿಕೊಂಡರು. ಮಗ ಕ್ರಿಕೆಟ್ ಶಿಬಿರ ಸೇರಿದ ಮೇಲೆ ಇನ್ನೊಂದು ಕೌಂಟರಿನಲ್ಲಿ, "ಸರ್, ಸ್ವಲ್ಪ ಚಿಕ್ಕವನೆಂದು ನೋಡಿ" ಎಂದರು. ಎರಡು ಕಡೆಯೂ ಅವರ ಕಣ್ಣಲ್ಲಿ ನಿಜವಾದ ನೀರಿತ್ತು.

ಎರಡನೆಯ ಕೌಂಟರಿನ ಬೇಡಿಕೆಗೆ ಮಂಡಳಿಯ ಬಳಿ ಉತ್ತರವಿದೆ: ಕೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆದು, ಮೂಳೆಗಳು ಎಷ್ಟು ಬಲಿತಿವೆಯೆಂದು ಅಳೆಯುವ ಪರೀಕ್ಷೆ. ವಯಸ್ಸು ಮುಚ್ಚಿಡುವುದು ಮಕ್ಕಳ ಕ್ರಿಕೆಟ್ಟಿಗೆ ವಿಷವೆಂದು ರಾಹುಲ್ ದ್ರಾವಿಡ್ 2015ರ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಕಟುವಾಗಿಯೇ ಹೇಳಿದ್ದರು, ಸರಿಯಾಗಿಯೇ ಹೇಳಿದ್ದರು. ಆದರೆ ಎಕ್ಸ್‌ರೇ ಹಿಡಿಯುವುದು ಸುಳ್ಳನ್ನು ಮಾತ್ರ. ಸೆಪ್ಟೆಂಬರ್ 2ರ ಹುಡುಗ ಸುಳ್ಳು ಹೇಳಿಲ್ಲ, ಅವನ ಪರವಾಗಿ ಕ್ಯಾಲೆಂಡರೇ ಸಾಕ್ಷಿ ಹೇಳುತ್ತದೆ. (ನೆತ್ತಿಯ ಮೇಲಿಂದ ಕಿವಿ ಮುಟ್ಟಿಸುತ್ತಿದ್ದ ನಮ್ಮ ಮಾಸ್ತರರೂ ಅಳೆಯುತ್ತಿದ್ದುದು ಮೂಳೆಯ ಬೆಳವಣಿಗೆಯನ್ನೇ, ಅದೂ ವಿದ್ಯುತ್ತಿಲ್ಲದೆ.)

ದಿನಾಂಕ ಬದಲಿಸಿದರೆ ನ್ಯಾಯ ಸಿಕ್ಕೀತೆಂದು ಕೆಲವರು ಆಶಿಸುತ್ತಾರೆ. ಬೆಲ್ಜಿಯಂನವರು 1997ರಲ್ಲಿ ಮಕ್ಕಳ ಫುಟ್‌ಬಾಲಿನ ಗಡಿಯನ್ನು ಆಗಸ್ಟ್ 1ರಿಂದ ಜನವರಿ 1ಕ್ಕೆ ಸರಿಸಿದರು. ಪ್ರತಿಭೆ ವಿಧೇಯ ನೌಕರನಂತೆ ಗಂಟುಮೂಟೆ ಕಟ್ಟಿಕೊಂಡು ಆಗಸ್ಟಿನಿಂದ ಜನವರಿಗೆ ವರ್ಗವಾಗಿ ಹೋಯಿತು. ನಂತರ ನೆದರ್ಲೆಂಡ್ಸ್‌ನಲ್ಲಿ ಇನ್ನೊಂದು ಪ್ರಯೋಗ ನಡೆಯಿತು, ಅದರ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಆಟಗಾರರನ್ನು ಆರಿಸುವವರ ಕೈಗೆ ಬರೀ ಜನ್ಮದಿನಾಂಕಗಳ ಪಟ್ಟಿ ಕೊಟ್ಟರೆ ಅವರ ಒಲವು ಬದಲಾಗಲಿಲ್ಲ; ಅಂಗಿಯ ಸಂಖ್ಯೆಗಳನ್ನೇ ವಯಸ್ಸಿನ ಕ್ರಮದಲ್ಲಿ ಹಂಚಿ, ಹಾಗೆ ಹಂಚಿದೆಯೆಂದು ತಿಳಿಸಿದಾಗ, ಹಿರಿಯರ ಕಡೆಗಿನ ವಾಲಿಕೆ ಇಳಿಯಿತು. ಖರ್ಚು, ಅಂಗಿಯ ಬೆನ್ನಿನ ಮೇಲೆ ಒಂದು ಅಂಕಿ.

ಇದನ್ನು ನಮ್ಮ ಬಡಾವಣೆಯ ಕ್ರಿಕೆಟ್ ಶಿಬಿರದ ಆಡಳಿತದವರಿಗೆ ವಿವರಿಸಿ ನೋಡಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು. ಅಂಗಿಯ ಬೆನ್ನಿನ ಮೇಲೆ ಈಗಾಗಲೇ ಪ್ರಾಯೋಜಕರ ಹೆಸರಿದೆ, ಎದೆಯ ಮೇಲೆ ಶಾಸಕರ ಭಾವಚಿತ್ರವಿದೆ, ಜಾಗವಿಲ್ಲ ಎಂದರು. ಅಷ್ಟಕ್ಕೂ ತಾವು ಹುಡುಗರನ್ನು ಆರಿಸುವುದು ಪ್ರತಿಭೆ ನೋಡಿ ಮಾತ್ರ ಎಂದು ಹೇಳಿ, ಮೈದಾನದಲ್ಲಿ ಎಲ್ಲರಿಗಿಂತ ಎತ್ತರ ಕಾಣುತ್ತಿದ್ದ ಹುಡುಗನನ್ನು ಕರೆದು ಪರಿಚಯಿಸಿದರು. ಹುಟ್ಟಿದ ದಿನ ಯಾವುದಪ್ಪಾ ಎಂದೆ. ಹುಡುಗ ಸಂಕೋಚದಿಂದ ಶಿಬಿರದವರ ಮುಖ ನೋಡಿ, "ಯಾವ ಸರ್ಟಿಫಿಕೇಟಿನದು, ಅಂಕಲ್?" ಎಂದ.