ಬಾಕಿ ಕೇಳುವ ಮೇಲ್

ಕೆಲಸ ಮಾಡಿಕೊಟ್ಟು ಬಿಲ್ ಕಳಿಸುವ ತನಕ ನಮಗೆ ಎಲ್ಲಿಲ್ಲದ ಹುರುಪು. ಅದೇ ಬಿಲ್ಲಿನ ದುಡ್ಡು ಕೇಳಲು ಕೂತಾಗ ಮಾತ್ರ ಕೈ ಓಡುವುದಿಲ್ಲ. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಅನ್ನುವ ಗಾದೆ ಸಾಲಕ್ಕೆ ಮಾತ್ರ ಅಂತ ತಿಳಿಯಬೇಡಿ. ಮೂವತ್ತು ದಿನದ ಗಡುವು ಬರೆದು ಬಿಲ್ ಕಳಿಸುವುದೂ ಸಾಲ ಕೊಟ್ಟ ಹಾಗೆಯೇ. ಬಡ್ಡಿ ಇಲ್ಲ, ಪತ್ರ ಇಲ್ಲ, ಅಡವು ಇಲ್ಲ. ಕಿರಾಣಿ ಅಂಗಡಿಯವರು "ಇಂದು ನಗದು, ನಾಳೆ ಉದ್ರಿ" ಅಂತ ಬೋರ್ಡ್ ತೂಗುಹಾಕಿ ನಿಶ್ಚಿಂತೆಯಿಂದ ಇರುತ್ತಾರೆ. ಕಂಪ್ಯೂಟರ್ ಮುಂದೆ ಕೂತು ಲೇಬಲ್, ಕ್ಯಾಟಲಾಗ್, ಜಾಹೀರಾತು ಅಂತ ಡಿಸೈನ್ ಮಾಡಿಕೊಡುವ ನನ್ನಂಥವರು ಆ ಬೋರ್ಡನ್ನು ಎಲ್ಲಿ ತೂಗುಹಾಕುವುದು?

2024ರ ಯುಗಾದಿಯ ಮರುದಿನ, ಅಂದರೆ ಏಪ್ರಿಲ್ 10ಕ್ಕೆ, ಒಂದು ಕಂಪನಿಗೆ ಬಿಲ್ ಕಳಿಸಿದ್ದೆ. ಕೆಲಸದ ಮೊತ್ತ 80,000. ಅದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ 14,400. ಒಟ್ಟು 94,400. ಇದರಲ್ಲಿ ಅವರು 80,000ದ ಮೇಲೆ ನೂರಕ್ಕೆ 10ರಂತೆ 8,000 ಟಿಡಿಎಸ್ ಹಿಡಿದುಕೊಂಡು, ಉಳಿದ 86,400 ನನ್ನ ಖಾತೆಗೆ ಹಾಕಬೇಕು. ಗಡುವು ಮೂವತ್ತು ದಿನ. ಮುಗಿದಿದ್ದು ಮೇ 10ಕ್ಕೆ. ಅವತ್ತು ಅಕ್ಷಯ ತೃತೀಯ. ಊರೆಲ್ಲ ಚಿನ್ನದಂಗಡಿಯ ಮುಂದೆ ಸಾಲುಗಟ್ಟಿ ನಿಂತಿತ್ತು. ನಾನು ಬ್ಯಾಂಕಿನ ಆ್ಯಪ್ ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುತ್ತಿದ್ದೆ.

ಬಿಲ್ ಕಳಿಸಿದವನ ನಿಜವಾದ ಸಂಕಟ ಇದರಲ್ಲಿ ಕಾಣುವುದಿಲ್ಲ. ಅದು ಮೇ 20ಕ್ಕೆ ಬರುತ್ತದೆ. ಏಪ್ರಿಲ್ ತಿಂಗಳ ಬಿಲ್ಲಿನ ಜಿಎಸ್‌ಟಿಯನ್ನು ಅವತ್ತಿನೊಳಗೆ ಸರ್ಕಾರಕ್ಕೆ ಕಟ್ಟಬೇಕು. ಗಿರಾಕಿ ದುಡ್ಡು ಕೊಟ್ಟಿದ್ದಾರೋ ಇಲ್ಲವೋ, ಸರ್ಕಾರ ಕೇಳುವುದಿಲ್ಲ. ಬಿಲ್ ಹಾಕಿದೆಯಾ, ಕಟ್ಟು, ಅಷ್ಟೇ. ಹಾಗಾಗಿ ಆ 14,400 ನನ್ನ ಜೇಬಿನಿಂದಲೇ ಹೋಯಿತು. ನಾನು ಸಲ್ಲಿಸಿದ ಬಿಲ್ಲಿನ ವಿವರ ಪೋರ್ಟಲ್‌ನಲ್ಲಿ ಕಂಡ ಕೂಡಲೇ ಆ ಕಂಪನಿ ಅದನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ನನಗೆ ಒಂದು ರೂಪಾಯಿ ಕೊಡದೇ ನನ್ನಿಂದಲೇ 14,400ರ ಲಾಭ! ಈರಭದ್ರ ಅಂದರೆ ಇವರೇ ಅಲ್ವಾ?

ಇಷ್ಟು ಹೊಟ್ಟೆ ಉರಿಯುತ್ತಿದ್ದರೂ ಮೊದಲ ಮೇಲ್ ಬರೆಯುವಾಗ ನಾವು ಎಷ್ಟು ಬಾಗುತ್ತೇವೆ ನೋಡಿ. "ತಾವು ಕ್ಷೇಮವೆಂದು ಭಾವಿಸುತ್ತೇನೆ. ತಮ್ಮ ಅಮೂಲ್ಯ ಸಮಯದಲ್ಲಿ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ ಇರಲಿ. ಅನುಕೂಲವಾದಾಗ ನಮ್ಮ ಬಿಲ್ ಕಡೆ ಸ್ವಲ್ಪ ಗಮನ ಹರಿಸಿದರೆ ಉಪಕಾರವಾಗುತ್ತದೆ." ನಮ್ಮ ಕಸುಬಿನಲ್ಲಿರುವ ಎಲ್ಲರ ಔಟ್‌ಬಾಕ್ಸ್‌ನಲ್ಲೂ ಇಂಥ ಮೇಲ್ ಸಿಗುತ್ತದೆ. ಇದರಲ್ಲಿ ವಿನಯ ಜಾಸ್ತಿ ಆಗಿದ್ದು ದೊಡ್ಡ ತೊಂದರೆಯಲ್ಲ. ಬಿಲ್ ನಂಬರ್ ಇಲ್ಲ, ತಾರೀಖಿಲ್ಲ, ಮೊತ್ತ ಇಲ್ಲ. ಅನುಕೂಲವಾದಾಗ ಅಂತ ಬೇರೆ ಹೇಳಿಬಿಟ್ಟಿದ್ದೇವೆ. ಅವರಿಗೆ ಅನುಕೂಲ ಆಗುವುದು ಯಾವಾಗ? ಯಾವತ್ತೂ ಇಲ್ಲ.

ಆ ಕಡೆ ಕೂತವರನ್ನೂ ಒಮ್ಮೆ ನೆನೆಯಬೇಕು. ನಾವು ಮೇಲ್ ಬರೆಯುವುದು ಕೆಲಸ ಕೊಟ್ಟ ಮಾರ್ಕೆಟಿಂಗ್ ಸರ್‌ಗೆ. ಅವರಿಗೆ ಡಿಸೈನ್ ಬೇಕಿತ್ತು, ಸಿಕ್ಕಿತು, ಅವರ ಪಾಲಿಗೆ ಕತೆ ಮುಗಿಯಿತು. ದುಡ್ಡು ಹಾಕುವವರು ಅಕೌಂಟ್ಸ್ ಮೇಡಂ. ಅವರಿಗೆ ನಾವು ಯಾರೆಂದೇ ಗೊತ್ತಿಲ್ಲ. ನಾವು ಅವರ ಸಿಸ್ಟಮ್‌ನಲ್ಲಿ ಒಂದು ವೆಂಡರ್ ಕೋಡ್. ಬಿಲ್ ಮೊದಲು ಪಿಒ ನಂಬರ್‌ಗೆ, ಅಂದರೆ ಅವರು ಕೊಟ್ಟ ಕೆಲಸದ ಆರ್ಡರ್ ನಂಬರ್‌ಗೆ, ಹೊಂದಬೇಕು. ಕೆಲಸ ಬಂದಿದೆ ಅಂತ ಮಾರ್ಕೆಟಿಂಗ್‌ನವರು ಒಪ್ಪಬೇಕು. ಆಮೇಲೆ ಬುಕ್ ಆಗಬೇಕು, ಅಂದರೆ ಲೆಕ್ಕಕ್ಕೆ ಏರಬೇಕು. ಕೊನೆಗೆ ವಾರಕ್ಕೊಮ್ಮೆ ತಯಾರಾಗುವ ಪೇಮೆಂಟ್ ಪಟ್ಟಿಯಲ್ಲಿ ಹೆಸರು ಬರಬೇಕು. ಈ ನಾಲ್ಕರಲ್ಲಿ ಎಲ್ಲಿ ಸಿಕ್ಕಿಕೊಂಡರೂ ಹೊರಗೆ ಕೇಳಿಸುವ ಉತ್ತರ ಒಂದೇ: "ಪ್ರೊಸೆಸ್‌ನಲ್ಲಿದೆ ಸರ್."

ಹಾಗಾಗಿ ಮೇ 13ರಂದು ನಾನು ಬರೆದ ಮೇಲ್ ಚಿಕ್ಕದಾಗಿತ್ತು. ಸಬ್ಜೆಕ್ಟ್ ಸಾಲಿನಲ್ಲೇ ಬಿಲ್ ನಂಬರ್, ಬಿಲ್ ತಾರೀಖು, 86,400, ಗಡುವು ಮೇ 10 ಅಂತ ಹಾಕಿದ್ದೆ. ಒಳಗೆ ಪಿಒ ನಂಬರ್. ಜೊತೆಗೆ ಬಿಲ್ಲಿನ ಪಿಡಿಎಫ್ ಮತ್ತೊಮ್ಮೆ. ಇದನ್ನು ಮಾತ್ರ ಯಾರೂ ಬಿಡಬಾರದು. "ಬಿಲ್ ಇನ್ನೊಂದು ಸಲ ಕಳಿಸ್ತೀರಾ?" ಅನ್ನುವ ಒಂದು ಸಾಲಿನ ಉತ್ತರಕ್ಕೆ ಒಂದು ವಾರ ಹೋಗುತ್ತದೆ. ಮಾರ್ಕೆಟಿಂಗ್ ಸರ್‌ಗೆ ಕಳಿಸಿ, ಅಕೌಂಟ್ಸ್ ವಿಭಾಗಕ್ಕೆ ಸಿಸಿ ಹಾಕಿದ್ದೆ. ಕೇಳಿದ್ದು ಒಂದೇ ಪ್ರಶ್ನೆ: ಈ ಬಿಲ್ ಯಾವ ವಾರದ ಪೇಮೆಂಟ್ ಪಟ್ಟಿಯಲ್ಲಿದೆ? "ಯಾವಾಗ ಕೊಡ್ತೀರಿ" ಅಂದರೆ "ಆದಷ್ಟು ಬೇಗ" ಅಂತ ಉತ್ತರ ಬರುತ್ತದೆ. "ಯಾವ ವಾರದ ಪಟ್ಟಿ" ಅಂದರೆ ಅವರು ಎದ್ದು ಹೋಗಿ ಪಟ್ಟಿ ನೋಡಬೇಕಾಗುತ್ತದೆ.

ಉತ್ತರ ಬಂತು. ಬಿಲ್ ಇನ್ನೂ ಬುಕ್ ಆಗಿಲ್ಲ, ಮಾರ್ಕೆಟಿಂಗ್‌ನವರ ಒಪ್ಪಿಗೆ ಬಾಕಿ ಇದೆ ಅಂತ. ಜೂನ್‌ನಲ್ಲೂ ಅದೇ. ಜುಲೈನಲ್ಲಿ ಫೋನ್ ಮಾಡಿದಾಗಲೂ ಅದೇ. ಫೋನಿನ ಮಾತು ಗಾಳಿಗೆ ಹೋಗುತ್ತದೆ. ಅದಕ್ಕೇ ಇಟ್ಟ ತಕ್ಷಣ ಎರಡು ಸಾಲು ಮೇಲ್ ಹಾಕಿದೆ: "ಈಗ ಮಾತಾಡಿದಂತೆ, ಬಿಲ್ ಇನ್ನೂ ಬುಕ್ ಆಗಿಲ್ಲವೆಂದು ತಿಳಿಸಿದಿರಿ." ಯಾರೂ ಅಲ್ಲಗಳೆಯಲಿಲ್ಲ. ಈ ಎರಡು ಸಾಲು ಮುಂದೆ ಕೆಲಸಕ್ಕೆ ಬಂತು.

ಆದಾಯ ತೆರಿಗೆ ಪೋರ್ಟಲ್‌ನಲ್ಲಿ 26ಎಎಸ್ ಅಂತ ಒಂದು ಪಟ್ಟಿ ಇದೆ. ನಮ್ಮ ಹೆಸರಿನಲ್ಲಿ ಯಾರು ಯಾರು ಎಷ್ಟು ಟಿಡಿಎಸ್ ಕಟ್ಟಿದ್ದಾರೆ ಅಂತ ಅದರಲ್ಲಿ ಬರುತ್ತದೆ. ಹೆಚ್ಚಿನವರು ಅದನ್ನು ನೋಡುವುದು ವರ್ಷಕ್ಕೊಮ್ಮೆ, ರಿಟರ್ನ್ ಹಾಕುವಾಗ. ಬಾಕಿ ಕೇಳುವವರು ಮೂರು ತಿಂಗಳಿಗೊಮ್ಮೆ ನೋಡಬೇಕು. ಯಾಕೆಂದರೆ ಕಂಪನಿ ಟಿಡಿಎಸ್ ಹಿಡಿಯಬೇಕಾದದ್ದು ದುಡ್ಡು ಕೊಟ್ಟಾಗ ಮಾತ್ರ ಅಲ್ಲ. ಬಿಲ್ಲನ್ನು ಲೆಕ್ಕಕ್ಕೆ ಏರಿಸಿದಾಗ ಅಥವಾ ದುಡ್ಡು ಕೊಟ್ಟಾಗ, ಯಾವುದು ಮೊದಲೋ ಅವತ್ತು. ಏಪ್ರಿಲ್‌ನಿಂದ ಜೂನ್‌ವರೆಗಿನ ಟಿಡಿಎಸ್ ವಿವರವನ್ನು ಅವರು ಜುಲೈ 31ರೊಳಗೆ ಸಲ್ಲಿಸಬೇಕು. ಅದಾದ ಮೇಲೆ ನಮ್ಮ ಪಟ್ಟಿಯಲ್ಲಿ ಕಾಣುತ್ತದೆ.

ಆಗಸ್ಟ್‌ನಲ್ಲಿ ತೆರೆದು ನೋಡಿದೆ. ಆ ಕಂಪನಿಯ ಹೆಸರು. ಮೊತ್ತ 80,000. ಹಿಡಿದ ತೆರಿಗೆ 8,000. ತಾರೀಖು ಏಪ್ರಿಲ್ 30.

ಅಂದರೆ ಬಿಲ್ ಏಪ್ರಿಲ್‌ನಲ್ಲೇ ಲೆಕ್ಕಕ್ಕೆ ಏರಿತ್ತು. ಮಾರ್ಕೆಟಿಂಗ್ ಸರ್ ಅವತ್ತೇ ಒಪ್ಪಿದ್ದರು, ಅಕೌಂಟ್ಸ್‌ನವರು ಅವತ್ತೇ ಬುಕ್ ಮಾಡಿದ್ದರು, ನನ್ನ ಪಾಲಿನ ತೆರಿಗೆಯನ್ನೂ ಕಟ್ಟಿಬಿಟ್ಟಿದ್ದರು. ಉಳಿದಿದ್ದು ನನಗೆ ಕೊಡುವುದೊಂದೇ. ಅವರು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಫೋನ್ ಎತ್ತಿದವರಿಗೆ ಸಿಸ್ಟಮ್ ತೆರೆದು ನೋಡುವಷ್ಟು ಪುರಸೊತ್ತು ಇರಲಿಲ್ಲ ಅನ್ನಬಹುದು. ಕೈಯಲ್ಲಿ ಕೊಡಲು ಕಾಸಿಲ್ಲದ ತಿಂಗಳು ಎಲ್ಲ ಕಂಪನಿಗೂ ಬರುತ್ತದೆ. ಆಗ ಮೊದಲು ಹಿಂದಕ್ಕೆ ಸರಿಯುವುದು ಸುಮ್ನೆ ಇರುವವರ ಬಿಲ್.

ಆಗಸ್ಟ್ 12ರ ಸೋಮವಾರ ಬೆಳಿಗ್ಗೆ ಕಳಿಸಿದ ಮೇಲ್ ಹೀಗಿತ್ತು:

"ನಮಸ್ಕಾರ ಮೇಡಂ. ಏಪ್ರಿಲ್ 10ರ ನಮ್ಮ ಬಿಲ್ಲಿನ ಗಡುವು ಮೇ 10ಕ್ಕೆ ಮುಗಿದಿದೆ. ಬಿಲ್ ಬುಕ್ ಆಗಿಲ್ಲವೆಂದು ಜುಲೈನಲ್ಲಿ ತಿಳಿಸಿದ್ದಿರಿ. ಆ ಮೇಲ್ ಕೆಳಗಿದೆ. ಈ ಬಿಲ್ಲಿನ ಮೇಲೆ ತಾವು 8,000 ರೂಪಾಯಿ ಟಿಡಿಎಸ್ ಕಟ್ಟಿರುವುದು ನಮ್ಮ 26ಎಎಸ್‌ನಲ್ಲಿ ಏಪ್ರಿಲ್ 30ರ ತಾರೀಖಿಗೆ ಕಾಣುತ್ತಿದೆ. ಅದರ ಪ್ರತಿ ಲಗತ್ತಿಸಿದ್ದೇನೆ. ಹಾಗಾಗಿ ಬಿಲ್ಲಿನ ಬಗ್ಗೆ ತಕರಾರಿಲ್ಲವೆಂದು ತಿಳಿದಿದ್ದೇನೆ. ಉಳಿದ 86,400 ರೂಪಾಯಿಯನ್ನು ಆಗಸ್ಟ್ 23ರ ಶುಕ್ರವಾರದ ಪೇಮೆಂಟ್‌ನಲ್ಲಿ ಸೇರಿಸಿ, ಖಚಿತಪಡಿಸಿ. ಏನಾದರೂ ಕಾಗದ ಬಾಕಿ ಇದ್ದರೆ ಇವತ್ತೇ ತಿಳಿಸಿ, ಇವತ್ತೇ ಕಳಿಸುತ್ತೇನೆ."

ಇದರಲ್ಲಿ ಗಟ್ಟಿ ದನಿಯ ಒಂದು ಪದವೂ ಇಲ್ಲ. ದಯವಿಟ್ಟು ಅನ್ನುವುದೂ ಇಲ್ಲ, ಗಮನಿಸಿ. ತಾರೀಖುಗಳೇ ಮಾತಾಡುವಾಗ ನಾವು ಜಾಸ್ತಿ ಮಾತಾಡಬಾರದು. "ತುಂಬಾ ಬೇಸರವಾಗಿದೆ", "ಇದು ಸರಿಯಲ್ಲ" ಅಂತ ಒಂದು ಸಾಲು ಸೇರಿಸಿದ್ದರೆ ಅವರು ಆ ಸಾಲಿಗೆ ಮಾತ್ರ ಉತ್ತರ ಕೊಡುತ್ತಿದ್ದರು. ನಮ್ಮ ಬೇಸರಕ್ಕೆ ಅವರ ಬೇಸರ. ದುಡ್ಡಿನ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಇನ್ನೊಂದು ಅಸ್ತ್ರವೂ ನನ್ನ ಹತ್ತಿರ ಇತ್ತು. ಸಣ್ಣ ಉದ್ದಿಮೆಗಳಿಗಾಗಿ 2006ರಲ್ಲಿ ಬಂದ ಎಂಎಸ್‌ಎಂಇ ಕಾಯಿದೆಯ ಪ್ರಕಾರ, ಒಪ್ಪಂದದಲ್ಲಿ ಏನೇ ಬರೆದಿದ್ದರೂ ದುಡ್ಡು ಕೊಡುವುದು 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಆ ವರ್ಷ ಬ್ಯಾಂಕ್ ದರ ನೂರಕ್ಕೆ 6.75 ಇತ್ತು. ಮೂರು ಪಟ್ಟು ಅಂದರೆ 20.25! ಆಗ ಸಮಾಧಾನ್ ಅನ್ನುವ ಪೋರ್ಟಲ್‌ನಲ್ಲಿ ದೂರು ಕೊಟ್ಟರೆ ಅದು ರಾಜ್ಯದ ಮಂಡಳಿಗೆ ಹೋಗುತ್ತಿತ್ತು. ಆದರೆ ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿ ಕೆಲಸ ಹಿಡಿಯುವ ಮೊದಲೇ ಆಗಿರಬೇಕು. ಬಾಕಿ ಬಿದ್ದ ಮೇಲೆ ಓಡಿಹೋಗಿ ಮಾಡಿಸಿಕೊಂಡರೆ ಹಳೆಯ ಬಿಲ್ಲಿಗೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ನನ್ನದು ಮೊದಲೇ ಆಗಿತ್ತು. ನಂಬರ್ ಬಿಲ್ಲಿನ ತುದಿಯಲ್ಲೇ ಅಚ್ಚಾಗಿತ್ತು.

ಆದರೂ ಆಗಸ್ಟ್‌ನ ಮೇಲ್‌ನಲ್ಲಿ ಕಾಯಿದೆಯ ಹೆಸರು ಎತ್ತಲಿಲ್ಲ. ನನ್ನ ಅನುಭವದಲ್ಲಿ ಕಾಯಿದೆ ಎತ್ತಿದ ದಿನ ಮೇಲ್ ಅಕೌಂಟ್ಸ್ ಮೇಡಂ ಕೈಯಿಂದ ವಕೀಲರ ಕೈಗೆ ಹೋಗುತ್ತದೆ. ವಕೀಲರಿಗೆ ಅವಸರ ಇರುವುದಿಲ್ಲ. ಮೇಡಂಗೆ ಶುಕ್ರವಾರದ ಪಟ್ಟಿ ಮುಗಿಸುವ ಅವಸರ ಇರುತ್ತದೆ. ಅವರ ಜೊತೆಗೇ ಇರುವುದು ವಾಸಿ. ಕಾಯಿದೆಯನ್ನು ಮುಂದಿನ ಮೇಲ್‌ಗೆ ಎತ್ತಿಟ್ಟಿದ್ದೆ. ಅದರ ಜೊತೆಗೆ ಇನ್ನೊಂದು ವಿಷಯವನ್ನೂ. ಬಿಲ್ ತಾರೀಖಿನಿಂದ 180 ದಿನದೊಳಗೆ ದುಡ್ಡು ಕೊಡದಿದ್ದರೆ, ತಮ್ಮ ತೆರಿಗೆಯಲ್ಲಿ ಕಳೆದುಕೊಂಡ ಆ 14,400ರ ಜಿಎಸ್‌ಟಿಯನ್ನು ಅವರು ಬಡ್ಡಿ ಸಮೇತ ಮರಳಿ ಕಟ್ಟಬೇಕು. ಲೆಕ್ಕ ಹಾಕಿದರೆ ಅದು ಅಕ್ಟೋಬರ್ 7ಕ್ಕೆ ಬರುತ್ತಿತ್ತು. ಎಷ್ಟೋ ಸಲ ಸೆಪ್ಟೆಂಬರ್ ಕೊನೆಗೆ ಹಳೇ ಬಿಲ್‌ಗಳು ತಾವಾಗಿಯೇ ಪಾಸಾಗುವ ಗುಟ್ಟು ಇದೇ.

ಅಲ್ಲಿಯವರೆಗೆ ಹೋಗಲಿಲ್ಲ. ಮೇಲ್ ಕಳಿಸಿದ ಮಧ್ಯಾಹ್ನವೇ ಮೇಡಂ ಫೋನ್ ಮಾಡಿದರು. "ಸರ್, ನಿಮ್ಮ ಬಿಲ್ ಹೋಲ್ಡ್‌ನಲ್ಲಿ ಇತ್ತು. ಈ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ, ಅವತ್ತು ಪೇಮೆಂಟ್ ಇಲ್ಲ. ಮುಂದಿನ ಶುಕ್ರವಾರ ಆಗುತ್ತೆ." ಯಾರು ಹೋಲ್ಡ್ ಮಾಡಿದ್ದು, ಯಾಕೆ ಅಂತ ನಾನು ಕೇಳಲಿಲ್ಲ. "ಥ್ಯಾಂಕ್ಸ್ ಮೇಡಂ, ಹಬ್ಬದ ಶುಭಾಶಯ" ಅಂದೆ. ಆಮೇಲೆ ಎಂದಿನಂತೆ ಎರಡು ಸಾಲಿನ ಮೇಲ್. 23ರ ಸಂಜೆ 86,400 ಬಂತು.

ಸೆಪ್ಟೆಂಬರ್‌ನಲ್ಲಿ ಮಾರ್ಕೆಟಿಂಗ್ ಸರ್ ಮತ್ತೆ ಕೆಲಸ ಹಿಡಿದು ಬಂದರು, ಏನೂ ಆಗದವರ ಹಾಗೆ. ದೀಪಾವಳಿಯ ಗಿಫ್ಟ್ ಬಾಕ್ಸ್ ಡಿಸೈನ್, ತುಂಬಾ ಅರ್ಜೆಂಟ್. ಕೊಟೇಶನ್‌ನಲ್ಲಿ ಅರ್ಧ ಮುಂಗಡ ಅಂತ ಒಂದು ಸಾಲು ಸೇರಿಸಿ ಕಳಿಸಿದೆ. ಹತ್ತು ನಿಮಿಷದಲ್ಲಿ ಒಪ್ಪಿಗೆ ಬಂತು. ಮುಂಗಡ ಯಾವತ್ತು ಬರುತ್ತದೆ ಅಂತ ಕೇಳಿದೆ. ಪ್ರೊಸೆಸ್‌ನಲ್ಲಿದೆಯಂತೆ. ಯಾವ ಶುಕ್ರವಾರದ ಪಟ್ಟಿ ಅಂತ ಮೇಡಂಗೆ ಸಿಸಿ ಹಾಕಿ ಮೇಲ್ ಬರೆದೆ.