ನೆತ್ತಿ ತುಂಬದಿದ್ದರೆ ಸ್ಲೈಡ್ ಒತ್ತಬೇಡಿ, ಬ್ಲಾಂಕ್ ಅಳೆಯಿರಿ

ನಮ್ಮ ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಭಾಗದ ಸಣ್ಣ ವರ್ಕ್‌ಶಾಪ್‌ಗಳಿಗೆ ಹೋದಾಗಲೆಲ್ಲ ಥ್ರೆಡ್ ರೋಲಿಂಗ್ ಮಷಿನ್ ಪಕ್ಕದ ಗೋಡೆಯನ್ನು ನೋಡುತ್ತೇನೆ. ಬಹಳ ಕಡೆ ಅಲ್ಲಿ ಒಂದೇ ಸೂತ್ರ ಬರೆದಿರುತ್ತದೆ: ಬ್ಲಾಂಕ್ ವ್ಯಾಸ ಎಂದರೆ ಪಿಚ್ ವ್ಯಾಸ. ಬ್ಲಾಂಕ್ ಎಂದರೆ ಥ್ರೆಡ್ ಮೂಡಿಸುವ ಮುನ್ನ ಇರುವ ನುಣುಪಾದ ಸರಳಿನ ತುಂಡು. ಸೂತ್ರ ಸುಳ್ಳಲ್ಲ, ಆದರೆ ಅರ್ಧ. ಉಳಿದ ಅರ್ಧ ತಿಳಿಯದೇ ಇರುವುದರಿಂದ ಮಾಲು ತಿರಸ್ಕೃತವಾಗಿ ವಾಪಸ್ ಬರುವುದನ್ನು ನೋಡಿ ಬೇಸರವಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲೇತ್‌ನಲ್ಲಿ ಥ್ರೆಡ್ ಕತ್ತರಿಸುವಾಗ ಎಂಟು ಮಿ.ಮೀ. ಸ್ಕ್ರೂಗೆ ಹೆಚ್ಚುಕಡಿಮೆ ಎಂಟು ಮಿ.ಮೀ. ಸರಳನ್ನೇ ತೆಗೆದುಕೊಳ್ಳುತ್ತೇವೆ. ಬೇಡವಾದ ಲೋಹ ಚೂರಾಗಿ ಕೆಳಗೆ ಬೀಳುತ್ತದೆ. ರೋಲಿಂಗ್‌ನಲ್ಲಿ ಏನೂ ಬೀಳುವುದಿಲ್ಲ. ರೋಲ್‌ನ ಹಲ್ಲು ಒತ್ತಿದ ಜಾಗದಲ್ಲಿ ಗಾಡಿ, ಅಂದರೆ ಕಿರಿದಾದ ತೋಡು ಆಗುತ್ತದೆ, ಅಲ್ಲಿದ್ದ ಲೋಹ ಪಕ್ಕಕ್ಕೆ ಸರಿದು ಮೇಲೇಳುತ್ತದೆ. ಪಿಚ್ ವ್ಯಾಸ ಎನ್ನುವುದು ಗಾಡಿಯ ಅಗಲ ಮತ್ತು ಥ್ರೆಡ್‌ನ ದಪ್ಪ ಸಮವಾಗಿರುವ ಕಡೆಯ ವ್ಯಾಸ. ಆ ಗೆರೆಯ ಕೆಳಗಿನಿಂದ ಹೋದ ಲೋಹವೇ ಗೆರೆಯ ಮೇಲೆ ಬಂದು ಕೂರಬೇಕು. ಆದ್ದರಿಂದ ಬ್ಲಾಂಕ್ ಪಿಚ್ ವ್ಯಾಸದ ಆಸುಪಾಸಿನಲ್ಲಿಯೇ ಇರಬೇಕಾಗುತ್ತದೆ.

ಆಸುಪಾಸು ಎಂದೆ, ಸರಿಸಮ ಎನ್ನಲಿಲ್ಲ. M8 × 1.25, ಅಂದರೆ ಎಂಟು ಮಿ.ಮೀ. ಹೊರ ವ್ಯಾಸ ಮತ್ತು ಎರಡು ಥ್ರೆಡ್‌ಗಳ ನಡುವೆ 1.25 ಮಿ.ಮೀ. ಅಂತರ ಇರುವ ಸ್ಕ್ರೂ ತೆಗೆದುಕೊಳ್ಳಿ. ಅದರ ಮೂಲ ಪಿಚ್ ವ್ಯಾಸ 7.188 ಮಿ.ಮೀ. ಥ್ರೆಡ್‌ನ ನೆತ್ತಿ ಚೂಪಾದ ಮೂಲೆಗಳೊಂದಿಗೆ ಪೂರ್ತಿ ತುಂಬಬೇಕೆಂದು ಲೋಹದ ಗಾತ್ರದ ಲೆಕ್ಕ ಹಾಕಿದರೆ ಬ್ಲಾಂಕ್ ಸುಮಾರು 7.23 ಬರುತ್ತದೆ. ಅಂದರೆ ಪಿಚ್ ವ್ಯಾಸಕ್ಕಿಂತ 0.04 ಹೆಚ್ಚು. ಗೆರೆಯ ಮೇಲಿನ ಭಾಗ ಕೆಳಗಿನ ಗಾಡಿಗಿಂತ ತುಸು ಎತ್ತರವಾಗಿರುವುದೇ ಇದಕ್ಕೆ ಕಾರಣ. ಆದರೆ ಒಳ್ಳೆಯ ರೋಲಿಂಗ್‌ನಲ್ಲಿ ನೆತ್ತಿಯನ್ನು ಪೂರ್ತಿ ತುಂಬಿಸುವುದಿಲ್ಲ, ಸ್ವಲ್ಪ ಗುಂಡಗೆ ಬಿಡುತ್ತೇವೆ. ಆಗ ಅಷ್ಟು ಲೋಹ ಬೇಕಾಗುವುದಿಲ್ಲ, ಬ್ಲಾಂಕ್ ಮತ್ತು ಪಿಚ್ ವ್ಯಾಸ ಹತ್ತಿರವಾಗುತ್ತವೆ. ಗೋಡೆಯ ಮೇಲಿನ ಸೂತ್ರ ಹುಟ್ಟಿದ್ದು ಹೀಗೆ.

ನನ್ನ ತಕರಾರು ಮುಂದಿನದರ ಬಗ್ಗೆ. ಮಷಿನ್‌ನಲ್ಲಿ ಪಿಚ್ ವ್ಯಾಸವನ್ನು ನಿರ್ಧರಿಸುವುದು ಎರಡು ರೋಲ್‌ಗಳ ನಡುವಿನ ಅಂತರ. ಒಂದು ರೋಲನ್ನು ಹೊತ್ತು ಮುಂದೆ ಹಿಂದೆ ಸರಿಯುವ ಸ್ಲೈಡ್‌ನಿಂದ ಆ ಅಂತರ ಬದಲಾಗುತ್ತದೆ. ಹೊರ ವ್ಯಾಸವನ್ನು ನಿರ್ಧರಿಸುವುದು ಮುಖ್ಯವಾಗಿ ಬ್ಲಾಂಕ್. ಈ ಎರಡು ಹಿಡಿಕೆಗಳನ್ನು ಬೇರೆಬೇರೆಯಾಗಿ ನೋಡದೆ, ಹೊರ ವ್ಯಾಸ ಕಡಿಮೆ ಬಂದರೂ ರೋಲ್ ಒತ್ತುವುದು, ಹೆಚ್ಚು ಬಂದರೂ ರೋಲ್ ಸಡಿಲಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ.

ಒಂದು ವರ್ಕ್‌ಶಾಪ್‌ನಲ್ಲಿ ಕೃಷಿ ಉಪಕರಣಗಳಿಗೆ ಹಾಕುವ M8 ಸ್ಕ್ರೂಗಳ ಒಂದು ಲಾಟ್ ವಾಪಸ್ ಬಂದಿತ್ತು. 6g ಸಹಿಷ್ಣುತೆಯಲ್ಲಿ ಹೊರ ವ್ಯಾಸ 7.760ರಿಂದ 7.972ರವರೆಗೆ ಇರಬಹುದು, ಪಿಚ್ ವ್ಯಾಸ 7.042ರಿಂದ 7.160ರವರೆಗೆ. ಅಲ್ಲಿ ಟರ್ನಿಂಗ್ ಮಾಡಿದ ಬ್ಲಾಂಕ್ 7.05 ಇತ್ತು. ರೋಲ್‌ಗಳು ಸರಿಯಾಗಿಯೇ ಹೊಂದಿಕೊಂಡಿದ್ದವು, ಪಿಚ್ ವ್ಯಾಸ 7.10 ಬರುತ್ತಿತ್ತು. ಆದರೆ ಹೊರ ವ್ಯಾಸ 7.64 ಮಾತ್ರ. ನೆತ್ತಿಯ ನಡುವೆ ಸೀಳಿನಂಥ ಗೆರೆ ಎದ್ದು ಕಾಣುತ್ತಿತ್ತು. ಥ್ರೆಡ್‌ನ ಎರಡೂ ಕಡೆಯಿಂದ ಏರಿ ಬಂದ ಲೋಹ ಮೇಲೆ ಒಂದಾಗದಿದ್ದರೆ ಹೀಗೆ ಗೆರೆ ಉಳಿಯುತ್ತದೆ.

"ಸರ್, ಥ್ರೆಡ್ ತುಂಬುತ್ತಿರಲಿಲ್ಲ, ಸ್ಲೈಡ್ ಸ್ವಲ್ಪ ಮುಂದೆ ತಂದೆ, ಸರಿಹೋಯಿತು" ಎಂದ ಆಪರೇಟರ್. ಅವನು ಹೇಳಿದ್ದು ಅವನಿಗೆ ಕಂಡಷ್ಟರ ಮಟ್ಟಿಗೆ ನಿಜ. ಹೊರ ವ್ಯಾಸ 7.78ಕ್ಕೆ ಏರಿತ್ತು, ಮೈಕ್ರೋಮೀಟರ್‌ನಲ್ಲಿ ಪಾಸು. ಸರಿಯಾದ ಥ್ರೆಡ್ ಮೇಲೆ ಪೂರ್ತಿ ಹೋಗಬೇಕಾದ ಗೋ ರಿಂಗ್ ಗೇಜ್ ಸಲೀಸಾಗಿ ಹೋಗುತ್ತಿತ್ತು. ಆದರೆ ಪಿಚ್ ವ್ಯಾಸ 7.03ಕ್ಕೆ ಇಳಿದಿತ್ತು. ಖರೀದಿದಾರರು ಪೂರ್ತಿ ಹೋಗಬಾರದ ನೋ-ಗೋ ರಿಂಗ್ ಹಾಕಿ ನೋಡಿದರೆ ಅದು ಎರಡು ಸುತ್ತಿಗೆ ನಿಲ್ಲದೆ ಕೊನೆಯವರೆಗೂ ಹೋಯಿತು. ಮಾಲು ತಿರಸ್ಕಾರವಾಯಿತು. ಆ ವರ್ಕ್‌ಶಾಪ್‌ನಲ್ಲಿ ನೋ-ಗೋ ರಿಂಗ್ ಇರಲೇ ಇಲ್ಲ.

ಸ್ಲೈಡನ್ನು ಮೊದಲಿದ್ದ ಜಾಗಕ್ಕೇ ತಂದು, ಆಮೇಲೆ ಅದನ್ನು ಮುಟ್ಟದೆ ಬ್ಲಾಂಕ್ ಒಂದನ್ನೇ 7.12ಕ್ಕೆ ಬದಲಿಸಿದೆವು. ಪಿಚ್ ವ್ಯಾಸ 7.10ರಲ್ಲಿಯೇ ಉಳಿಯಿತು, ಹೊರ ವ್ಯಾಸ 7.85ಕ್ಕೆ ಬಂತು. ಗಮನಿಸಿ, ಬ್ಲಾಂಕ್ ಹೆಚ್ಚಿದ್ದು 0.07, ಹೊರ ವ್ಯಾಸ ಹೆಚ್ಚಿದ್ದು 0.21. ಮೂರು ಪಟ್ಟು. ಕಂಠ ಸಣ್ಣದಿರುವ ತಂಬಿಗೆಯಲ್ಲಿ ನೀರು ಕಂಠಕ್ಕೆ ಬಂದ ಮೇಲೆ ಒಂದು ಲೋಟ ಸುರಿದರೂ ಮಟ್ಟ ಸರ್ರನೆ ಏರುತ್ತದಲ್ಲ, ಇಲ್ಲಿಯೂ ಅದೇ. ಬ್ಲಾಂಕ್‌ನ ಇಡೀ ಮೈಮೇಲೆ ಸೇರಿಸಿದ ತೆಳು ಪದರ ಕೊನೆಗೆ ಥ್ರೆಡ್‌ನ ಕಿರಿದಾದ ನೆತ್ತಿಗೇ ಹೋಗಿ ಸೇರಬೇಕು. ಈ ಮೂರು ಪಟ್ಟು ಅಂದಾಜಿನ ಲೆಕ್ಕ. ನೆತ್ತಿ ತುಂಬುತ್ತ ಹೋದಂತೆ ಪಟ್ಟು ಇನ್ನೂ ಹೆಚ್ಚುತ್ತದೆ.

ಇದರಿಂದ ಬ್ಲಾಂಕ್‌ನ ಸಹಿಷ್ಣುತೆ ಎಷ್ಟಿರಬೇಕೆಂಬುದೂ ತಾನಾಗಿ ತಿಳಿಯುತ್ತದೆ. ಹೊರ ವ್ಯಾಸಕ್ಕೆ ಇರುವ ಅವಕಾಶ 0.212. ಮೂರರಿಂದ ಭಾಗಿಸಿದರೆ 0.07. ಅದರಲ್ಲಿ ರೋಲ್ ಅಂತರದ ಏರಿಳಿತಕ್ಕೆ ಒಂದಿಷ್ಟು ಬಿಡಬೇಕು. ಹಾಗಾಗಿ ಒಂದು ಲಾಟ್‌ನಲ್ಲಿ ಅತಿ ಸಣ್ಣ ಬ್ಲಾಂಕ್‌ಗೂ ಅತಿ ದೊಡ್ಡ ಬ್ಲಾಂಕ್‌ಗೂ 0.03ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. "ಥ್ರೆಡ್ ಆಗುವ ಜಾಗ ತಾನೇ" ಎಂದು ಪ್ಲಸ್ ಮೈನಸ್ 0.05ರಲ್ಲಿ ಟರ್ನಿಂಗ್ ಮಾಡಿಸಿದರೆ ಬ್ಲಾಂಕ್‌ನ ವ್ಯತ್ಯಾಸ 0.10 ಆಗುತ್ತದೆ, ಹೊರ ವ್ಯಾಸದ್ದು 0.30. ಆಮೇಲೆ ರೋಲಿಂಗ್ ಮಾಡುವವನು ಎಷ್ಟೇ ಜಾಣನಾದರೂ ಅದನ್ನು ಸರಿಪಡಿಸಲಾರ. ಬ್ಲಾಂಕ್ ಅಳೆಯಲು ವರ್ನಿಯರ್ ಸಾಲದು, ಮೈಕ್ರೋಮೀಟರೇ ಬೇಕು. ಎರಡು ದಿಕ್ಕಿನಲ್ಲಿ ಅಳೆದರೆ ಅಂಡಾಕಾರ ಇದ್ದರೂ ಬಹುಮಟ್ಟಿಗೆ ಗೊತ್ತಾಗುತ್ತದೆ.

ದಪ್ಪ ಬ್ಲಾಂಕ್ ಕೊಟ್ಟು ಸುರಕ್ಷಿತವಾಗಿರೋಣ ಎನ್ನುವವರೂ ಇದ್ದಾರೆ. ಅದು ಇನ್ನೂ ದುಬಾರಿ. ರೋಲ್‌ನ ಗಾಡಿಯ ತಳದವರೆಗೆ ಲೋಹ ತುಂಬಿದ ಮೇಲೆ ಅದಕ್ಕೆ ಹೋಗಲು ಜಾಗವಿಲ್ಲ. ಸ್ಕ್ರೂ ಉದ್ದಕ್ಕೆ ಎಳೆದುಕೊಂಡು ಪಿಚ್ ಕೆಡುತ್ತದೆ, ಮೈಯಿಂದ ಹಾಳೆಯಂತೆ ಚಕ್ಕೆ ಏಳುತ್ತದೆ, ಕೊನೆಗೆ ರೋಲ್‌ನ ಹಲ್ಲೇ ಮುರಿಯುತ್ತದೆ. ನೆತ್ತಿ ಕನ್ನಡಿಯಂತೆ ಚಪ್ಪಟೆಯಾಗಿ, ಮೂಲೆ ಚೂಪಾಗಿ ಹೊಳೆಯುತ್ತಿದ್ದರೆ ಸಂತೋಷಪಡಬೇಡಿ, ಕೂಡಲೇ ಬ್ಲಾಂಕ್ ಅಳೆಯಿರಿ. ಖರೀದಿ ವಿಭಾಗದವರಲ್ಲಿ ನನ್ನ ಕೋರಿಕೆಯೂ ಇದೇ: ಹೊರ ವ್ಯಾಸ ಮಿತಿಯೊಳಗಿದ್ದರೆ ಗುಂಡಗಿರುವ ನೆತ್ತಿಯನ್ನು ದೋಷವೆಂದು ಬರೆಯಬೇಡಿ.

ಹೊಸ ಲಾಟ್ ಹಿಡಿಯುವಾಗ ನಾನು ಹೇಳುವ ಕ್ರಮ ಇಷ್ಟೇ. ಅದೇ ಸರಳಿನಿಂದ 7.08, 7.10, 7.12ರ ಕೆಲವು ಬ್ಲಾಂಕ್‌ಗಳನ್ನು ಮಾಡಿಟ್ಟುಕೊಳ್ಳಿ. ನಡುವಿನ ಬ್ಲಾಂಕ್ ಹಾಕಿ, ಪಿಚ್ ವ್ಯಾಸ 7.10 ಬರುವವರೆಗೆ ರೋಲ್ ಅಂತರ ಹೊಂದಿಸಿ. ಗಾಡಿಗಳಲ್ಲಿ ತಂತಿ ಇಟ್ಟು ಅವುಗಳ ಮೇಲಿನಿಂದ ಅಳೆಯುವ ಮೂರು ತಂತಿಯ ವಿಧಾನದಲ್ಲಿ 0.722ರ ತಂತಿ ಬಳಸಿದರೆ ಮೈಕ್ರೋಮೀಟರ್ 8.18 ತೋರಿಸಬೇಕು. ಅಲ್ಲಿಯವರೆಗೆ ಹೊರ ವ್ಯಾಸದ ಕಡೆ ನೋಡಲೇಬೇಡಿ. ನಂತರ ಸ್ಲೈಡ್ ಬಿಗಿದು ಮೂರೂ ಅಳತೆಯ ಬ್ಲಾಂಕ್ ಹಾಕಿ, ಹೊರ ವ್ಯಾಸ ಮಿತಿಯ ನಡುವೆ ಬೀಳುವುದನ್ನು ಆರಿಸಿಕೊಳ್ಳಿ. ಸರಳಿನ ಲಾಟ್ ಬದಲಾದರೆ ಮತ್ತೆ ಮಾಡಿ, ಏಕೆಂದರೆ ಲೋಹದ ಗಡಸುತನ ಬದಲಾದರೆ ಅದು ಒತ್ತಡಕ್ಕೆ ಬಾಗುವುದೂ ಮರಳಿ ಪುಟಿಯುವುದೂ ಬದಲಾಗುತ್ತದೆ.

ಪಿಚ್ ವ್ಯಾಸವನ್ನು 7.16ರ ಅಂಚಿಗೆ ತಂದು ನಿಲ್ಲಿಸದೆ ನಡುವೆಯೇ ಇಡಿ ಎನ್ನಲು ಒಂದು ಕಾರಣ ಸತು ಲೇಪನ. ಲೇಪನದ ದಪ್ಪದ ನಾಲ್ಕು ಪಟ್ಟು ಪಿಚ್ ವ್ಯಾಸಕ್ಕೆ ಸೇರುತ್ತದೆ. ಹತ್ತು ಮೈಕ್ರಾನ್ ಲೇಪನವಾದರೆ 0.04. 7.16 ಇದ್ದದ್ದು 7.20 ಆಗಿ, ಮೂಲ ಅಳತೆ 7.188 ದಾಟಿ, ಗೋ ರಿಂಗ್ ಹೋಗುವುದಿಲ್ಲ. 7.10 ಇದ್ದದ್ದು 7.14 ಆಗುತ್ತದೆ, ರಿಂಗ್ ಸಲೀಸಾಗಿ ಹೋಗುತ್ತದೆ.